22 ನಿಮಿಷದ ಮಾತು, 30 ಸೆಕೆಂಡಿನ ಜಾಹೀರಾತು

ಗ್ರಾಹಕರ ಮಾತನ್ನು ತಿರುಚೋಕೆ ಒಂದು ಪದವನ್ನೂ ಸೇರಿಸಬೇಕಾಗಿಲ್ಲ. ಅವರು ಹೇಳಿದ್ದರಲ್ಲಿ ಯಾವುದನ್ನು ಬಿಡ್ತೀರಿ ಅನ್ನೋದರಲ್ಲೇ ಎಲ್ಲ ಇದೆ. ನಾನು ಸಣ್ಣ ಊರುಗಳ ಅಂಗಡಿ, ಡೀಲರ್‌ಗಳಿಗೆ ಜಾಹೀರಾತು ವಿಡಿಯೋ ಮಾಡಿಕೊಡುತ್ತೇನೆ. ನಾನು ಹೇಗೆ ಕತ್ತರಿಸುತ್ತೇನೆ ಅನ್ನೋದನ್ನು ಒಂದೇ ಕೆಲಸ ಇಟ್ಟುಕೊಂಡು ಹೇಳುತ್ತೇನೆ.

ಹಾಲು ಕರೆಯುವ ಮೆಷಿನ್ ಮಾರುವ ಡೀಲರ್ ಒಬ್ಬರಿಗೆ ಮಾಡಿದ ಕೆಲಸ ಅದು. ಮಾತಾಡಿದವರು ಚನ್ನರಾಯಪಟ್ಟಣದ ಕಡೆಯ ಹಳ್ಳಿಯ ಒಬ್ಬ ರೈತ ಮಹಿಳೆ. ಆರು ಹಸು ಕಟ್ಟಿದ್ದಾರೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಕೊಟ್ಟಿಗೆಯಲ್ಲೇ ನಿಂತು 22 ನಿಮಿಷ ಮಾತಾಡಿದರು. ಅದರ ತಿರುಳು ಅನ್ನಬಹುದಾದ ಭಾಗ ಇದು:

"ಮೊದ್ಲು ನಾನೂ ನಮ್ಮನೆಯವ್ರೂ ಇಬ್ರೂ ಕೂತ್ಕೋಬೇಕಿತ್ತು. ಒಂದೊಂದ್ ಸಲ ಡೇರಿ ಮುಚ್ಚೋ ಹೊತ್ಗೆ ಕ್ಯಾನ್ ಹಿಡ್ಕೊಂಡು ಓಡ್ತಿದ್ವಿ. ಈಗ ಕರೆಂಟ್ ಇದ್ರೆ ನಾನೊಬ್ಳೇ ಮುಕ್ಕಾಲು ಗಂಟೇಲಿ ಆರೂ ಹಸು ಮುಗಿಸ್ತೀನಿ. ತೊಳಿಯೋದು ಬೇರೆ, ಅದಕ್ಕೊಂದು ಕಾಲು ಗಂಟೆ. ಹಾಲೂ ಜಾಸ್ತಿ ಆಗಿದೆ. ಏನೋ, ಎರಡು ಹಸು ಈಗ ತಾನೇ ಕರು ಹಾಕಿದಾವಲ್ಲ, ಅದಕ್ಕೇ ಇರ್ಬೇಕು. ಹಿಂಡಿ ಹಿಂಡಿ ಬರ್ತಿದ್ದ ಬೆರಳು ನೋವಂತೂ ಹೋಯ್ತು. ಕೆಂಪಿ ಮಾತ್ರ ಮೊದಮೊದ್ಲು ಒದೀತಿತ್ತು, ಹದಿನೈದು ದಿನ ಹತ್ರಾನೇ ಬಿಟ್ಕೊಳ್ಲಿಲ್ಲ. ಈಗ ಅದೂ ಸುಮ್ನೆ ನಿಲ್ಲುತ್ತೆ."

ಡೀಲರ್ ಇದನ್ನು ಓದಿ, ಪೆನ್ನಿನಲ್ಲಿ ಗೆರೆ ಎಳೆದು ಫೋಟೋ ಕಳಿಸಿದರು. ಅವರಿಗೆ ಬೇಕಾಗಿದ್ದು ಇಷ್ಟು: "ಈಗ ನಾನೊಬ್ಳೇ ಮುಕ್ಕಾಲು ಗಂಟೇಲಿ ಆರೂ ಹಸು ಮುಗಿಸ್ತೀನಿ. ಹಾಲೂ ಜಾಸ್ತಿ ಆಗಿದೆ. ಬೆರಳು ನೋವಂತೂ ಹೋಯ್ತು." ಜೊತೆಗೆ ಒಂದು ಮೆಸೇಜು: "ಎಲ್ಲಾ ಅವರೇ ಹೇಳಿರೋದೇ ಅಲ್ವಾ ಸಾರ್?"

ಹೌದು, ಎಲ್ಲ ಅಕ್ಕನದೇ ಮಾತು. ಆದರೆ ಮೂರು ವಾಕ್ಯದಲ್ಲಿ ಮೂರೂ ಅವರು ಹೇಳಿದ ಅರ್ಥ ಕೊಡೋದಿಲ್ಲ.

ಇದನ್ನು ಕಂಡುಹಿಡಿಯೋಕೆ ನನಗೆ ಮೊದಲು ಬೇಕಾಗೋದು ಅಚ್ಚುಕಟ್ಟು ಮಾಡದ ಬರಹ. ರೆಕಾರ್ಡಿಂಗ್ ಕೇಳುತ್ತಾ ಒಂದೊಂದು ಮಾತನ್ನೂ ಸಮಯದ ಸಮೇತ ಬರೆದುಕೊಳ್ಳುತ್ತೇನೆ. "ಏನೋ", "ಇರ್ಬೇಕು", ಮಧ್ಯದ ಮೌನ, ನಗು, ಎಲ್ಲವೂ ಇರಬೇಕು. ಬರೆಯುವವರು ತಾವೇ ತಿದ್ದಿ ಚೆಂದ ಮಾಡಿಬಿಟ್ಟರೆ ಮೊದಲು ಹೋಗೋದೇ ಇಂಥ ಪದಗಳು. ಹೇಳುವವರಿಗೆ ಎಷ್ಟು ಖಾತ್ರಿ ಇದೆ ಅನ್ನೋದು ಇವುಗಳಲ್ಲೇ ಇರೋದು. ನಾನು ಕೇಳಿದ ಪ್ರಶ್ನೆಗಳನ್ನೂ ಬರೆಯುತ್ತೇನೆ. ಅಕ್ಕ ಒಂದು ಕಡೆ "ಹೂಂ, ತುಂಬಾ ಅನುಕೂಲ" ಅಂದಿದ್ದರು. ಅದು ಮೆಷಿನ್ ಬಗ್ಗೆ ಅಲ್ಲ, ಡೇರಿ ಮನೆಗೆ ಹತ್ತಿರ ಇದೆಯಾ ಅಂತ ಕೇಳಿದ್ದಕ್ಕೆ. ಪ್ರಶ್ನೆ ಬರೆದಿಲ್ಲ ಅಂದರೆ ಆ ತುಂಡು ಯಾವತ್ತಾದರೂ ಒಂದು ದಿನ ಮೆಷಿನ್‌ಗೆ ಅಂಟಿಕೊಳ್ಳುತ್ತದೆ.

ಆಮೇಲೆ ಹೊಗಳಿಕೆಯ ಪ್ರತಿ ಮಾತಿಗೂ ಅದರ ಜೊತೆಗಾರನನ್ನು ಹುಡುಕುತ್ತೇನೆ. "ಮುಕ್ಕಾಲು ಗಂಟೆ"ಯ ಜೊತೆ ಎರಡು ಮಾತಿವೆ: ಕರೆಂಟ್ ಇದ್ರೆ, ಮತ್ತೆ ತೊಳೆಯೋಕೆ ಕಾಲು ಗಂಟೆ ಬೇರೆ. "ಬೆರಳು ನೋವು ಹೋಯ್ತು" ಅನ್ನೋದರ ಜೊತೆ "ಹಿಂಡಿ ಹಿಂಡಿ ಬರ್ತಿದ್ದ" ಇದೆ. ಇವನ್ನು ಬಣ್ಣದ ಪೆನ್ನಿನಲ್ಲಿ ಜೋಡಿ ಮಾಡಿ, ಒಂದು ಹೋದರೆ ಇನ್ನೊಂದೂ ಹೋಗಬೇಕು ಅಂತ ನಿಯಮ ಇಟ್ಟುಕೊಳ್ಳುತ್ತೇನೆ. ಜೋಡಿಗೆ ಜಾಗ ಇಲ್ಲದಿದ್ದರೆ ಹೊಗಳಿಕೆಗೂ ಜಾಗ ಇಲ್ಲ.

ಕನ್ನಡದಲ್ಲಿ ಕತ್ತರಿಸುವವರು ಒಂದು ವಿಷಯ ಜಾಸ್ತಿ ನೋಡಿಕೊಳ್ಳಬೇಕು. ನಮ್ಮಲ್ಲಿ "ಇದ್ರೆ", "ಆದ್ರೆ", "ಮಾಡ್ದಾಗ" ಅನ್ನೋ ಷರತ್ತು ಸಾಮಾನ್ಯವಾಗಿ ಮುಂದೆ ಬರುತ್ತದೆ. ಕ್ರಿಯಾಪದ ಕೊನೆಗೆ. ಹಾಗಾಗಿ ಮುಂದಿನದನ್ನು ಕಿತ್ತರೂ ಉಳಿದದ್ದು ಪೂರ್ತಿ ವಾಕ್ಯವಾಗಿಯೇ ಕೇಳಿಸುತ್ತದೆ. "ಕರೆಂಟ್ ಇದ್ರೆ" ತೆಗೆದು ನೋಡಿ. "ಈಗ ನಾನೊಬ್ಳೇ ಮುಗಿಸ್ತೀನಿ" ಅನ್ನೋದರಲ್ಲಿ ಏನೂ ಕಾಣೆಯಾದ ಹಾಗೆ ಅನಿಸೋದೇ ಇಲ್ಲ. ದನಿಯಲ್ಲಿ ಜರ್ಕ್ ಬಂದರೂ ಮೇಲೆ ಹಸುವಿನ ಶಾಟ್ ಹಾಕಿದರೆ ಮುಗಿಯಿತು, ಯಾರಿಗೂ ಗೊತ್ತಾಗೋದಿಲ್ಲ. ಹಾಲು ಕರೆಯೋದು ಬೆಳಗಿನ ಜಾವ ಮತ್ತು ಸಂಜೆ. ಹಳ್ಳಿಯಲ್ಲಿ ಆ ಹೊತ್ತಿಗೆ ಕರೆಂಟ್ ಕೈಕೊಡೋದು ಹೊಸದಲ್ಲ. ಮೆಷಿನ್ ಕೊಳ್ಳುವವರು ಮೊದಲು ಯೋಚಿಸಬೇಕಾದ ವಿಷಯವೇ ಅದು. ಎರಡು ಪದಕ್ಕೆ ಒಂದೂವರೆ ಸೆಕೆಂಡೂ ಹಿಡಿಯೋದಿಲ್ಲ. ಅದನ್ನು ಬಿಡೋಕೆ ಸಮಯದ ನೆಪ ಹೇಳೋ ಹಾಗೇ ಇಲ್ಲ.

ಹಾಲಿನ ಮಾತು ಇನ್ನೂ ಕಷ್ಟದ್ದು. ಡೀಲರ್‌ಗೆ ಅದೇ ಮುಖ್ಯ, ಜಾಸ್ತಿ ಮಾರಾಟ ತರೋದು ಅದೇ. ಆದರೆ ಅಕ್ಕ ತಾವೇ ಕಾರಣ ಹೇಳಿದ್ದಾರೆ, ಹಸು ಕರು ಹಾಕಿವೆ ಅಂತ. ಕರು ಹಾಕಿದ ಮೇಲಿನ ವಾರಗಳಲ್ಲಿ ಹಾಲು ಏರುತ್ತೆ ಅನ್ನೋದು ಹಸು ಕಟ್ಟಿದ ಯಾರಿಗಾದರೂ ಗೊತ್ತು. ಮೆಷಿನ್ ಜಾಹೀರಾತಿನಲ್ಲಿ "ಹಾಲೂ ಜಾಸ್ತಿ ಆಗಿದೆ" ಅಂತ ಬಂದರೆ ಕೇಳುವವರು ಮೆಷಿನ್‌ನಿಂದ ಅಂತಲೇ ತಿಳಿಯುತ್ತಾರೆ. ಕಾರಣದ ಸಮೇತ ಇಟ್ಟರೆ ಜಾಹೀರಾತಿಗೆ ಅದರಿಂದ ಏನೂ ಉಪಯೋಗ ಇಲ್ಲ. ಹಾಗಾಗಿ ಪೂರ್ತಿ ತೆಗೆದೆ. ಡೀಲರ್ "ಹೋಗ್ಲಿ, ಮಾತು ಬೇಡ, ಡೇರಿಯಲ್ಲಿ ಕ್ಯಾನ್ ತುಂಬೋ ಶಾಟ್ ಆದ್ರೂ ಹಾಕಿ" ಅಂದರು. ಅದಕ್ಕೂ ಒಪ್ಪಲಿಲ್ಲ. ಬಾಯಲ್ಲಿ ತೆಗೆದದ್ದನ್ನು ಚಿತ್ರದಲ್ಲಿ ಹೇಳಿದರೆ ಕತ್ತರಿಸಿದ್ದು ದಂಡ.

ಬೆರಳು ನೋವಿನದು ಸಣ್ಣದು ಅನಿಸಬಹುದು. ಆದರೆ "ಹಿಂಡಿ ಹಿಂಡಿ ಬರ್ತಿದ್ದ" ಅನ್ನೋದು ಹೋದರೆ ಮೆಷಿನ್ ಯಾವ ಬೆರಳು ನೋವನ್ನಾದರೂ ಗುಣ ಮಾಡುತ್ತೆ ಅನ್ನೋ ಹಾಗಾಗುತ್ತದೆ. ಆ ಮೂರು ಪದ ಇರಲೇಬೇಕು. ನಿಜ ಹೇಳಬೇಕೆಂದರೆ ಜಾಹೀರಾತಿಗೂ ಅದೇ ಒಳ್ಳೆಯದು. ಕೈಯಲ್ಲಿ ಹಾಲು ಹಿಂಡುವ ಹೆಂಗಸು "ಹಿಂಡಿ ಹಿಂಡಿ" ಅಂತ ಕೇಳಿದ ಕೂಡಲೇ ತನ್ನ ಬೆರಳು ನೋಡಿಕೊಳ್ಳುತ್ತಾಳೆ.

ಇನ್ನು ಸಮಯದ ಲೆಕ್ಕ. 30 ಸೆಕೆಂಡಿನಲ್ಲಿ ಕೊನೆಯ 6 ಸೆಕೆಂಡು ಅಂಗಡಿಯ ಹೆಸರು, ಫೋನ್ ನಂಬರಿಗೆ ಹೋಗುತ್ತದೆ. ಉಳಿದದ್ದು 24. ಹಿನ್ನೆಲೆ ದನಿ ಕೊಡುವವರು ಸ್ಟುಡಿಯೋದಲ್ಲಿ ಸೆಕೆಂಡಿಗೆ ಎರಡು ಪದದ ಮೇಲೆ ಓದಿಬಿಡುತ್ತಾರೆ. ಸಹಜವಾಗಿ ಮಾತಾಡುವವರು ಮಧ್ಯೆ ನಿಲ್ಲುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ. ನಾನು ಸೆಕೆಂಡಿಗೆ ಒಂದೂವರೆ ಪದ ಹಿಡಿಯುತ್ತೇನೆ. ಅಂದರೆ ಸುಮಾರು 36 ಪದ. ಜಾಗ ಸಾಲದು ಅಂತ ಉಸಿರನ್ನೆಲ್ಲ ಕತ್ತರಿಸಿ ಒತ್ತಿದರೆ ಅಕ್ಕ ಯಾರೋ ಬರೆದುಕೊಟ್ಟದ್ದನ್ನು ಗಡಿಬಿಡಿಯಲ್ಲಿ ಒಪ್ಪಿಸಿದ ಹಾಗೆ ಕೇಳಿಸುತ್ತದೆ.

ಚುರುಕು ಎಲ್ಲಿಂದ ಬರಬೇಕು ಹಾಗಾದರೆ? ಶುರುವಿನಿಂದ. ಎಲ್ಲರೂ "ನಮ್ಮಲ್ಲಿ ಆರು ಹಸು ಇದಾವೆ" ಅಂತ ಶುರು ಮಾಡುತ್ತಾರೆ. ನಾನು ಕೆಂಪಿಯ ಒದೆತವನ್ನು ಮುಂದಕ್ಕೆ ತಂದೆ. ವಾಕ್ಯಗಳ ಜಾಗ ಬದಲಿಸೋದು ತಪ್ಪಲ್ಲ, ನಡೆದದ್ದರ ಕ್ರಮ ಮತ್ತು ಕಾರಣ ಬದಲಾಗದಿದ್ದರೆ ಸಾಕು. ಕೆಂಪಿ ಒದ್ದದ್ದು ಮೊದಲು, ಸುಮ್ಮನೆ ನಿಂತದ್ದು ಆಮೇಲೆ. ಆ ಕ್ರಮ ಹಾಗೇ ಇದೆ. ಕೊನೆಗೆ ನಿಂತ ಸ್ಕ್ರಿಪ್ಟ್ ಇದು:

0–6: (ಕೆಂಪಿ ಕಾಲು ಝಾಡಿಸುವುದು) "ಕೆಂಪಿ ಮಾತ್ರ ಮೊದಮೊದ್ಲು ಒದೀತಿತ್ತು, ಹದಿನೈದು ದಿನ ಹತ್ರಾನೇ ಬಿಟ್ಕೊಳ್ಲಿಲ್ಲ."
6–9: (ಅಕ್ಕನ ಮುಖ) "ಮೊದ್ಲು ನಾನೂ ನಮ್ಮನೆಯವ್ರೂ ಇಬ್ರೂ ಕೂತ್ಕೋಬೇಕಿತ್ತು."
9–18: (ಅಕ್ಕನ ಮುಖ, ಕತ್ತರಿ ಇಲ್ಲ) "ಈಗ ಕರೆಂಟ್ ಇದ್ರೆ ನಾನೊಬ್ಳೇ ಮುಕ್ಕಾಲು ಗಂಟೇಲಿ ಆರೂ ಹಸು ಮುಗಿಸ್ತೀನಿ. ತೊಳಿಯೋದು ಬೇರೆ, ಅದಕ್ಕೊಂದು ಕಾಲು ಗಂಟೆ."
18–21: (ಕೈಗಳು) "ಹಿಂಡಿ ಹಿಂಡಿ ಬರ್ತಿದ್ದ ಬೆರಳು ನೋವಂತೂ ಹೋಯ್ತು."
21–24: (ಕೆಂಪಿ, ಮೆಷಿನ್ ಹಾಕಿಕೊಂಡು ಹುಲ್ಲು ತಿನ್ನುತ್ತಾ) "ಈಗ ಅದೂ ಸುಮ್ನೆ ನಿಲ್ಲುತ್ತೆ."
24–30: ಅಂಗಡಿ ಹೆಸರು, ಫೋನ್.

ಇದರಲ್ಲಿ ಎರಡು ಕಡೆ ಕೈ ತಡೆಯಿತು. ಒಂದು, ಕೆಂಪಿಯ ವಾಕ್ಯದ "ಮಾತ್ರ". ಶುರುವಿನಲ್ಲೇ "ಮಾತ್ರ" ಬಂದರೆ ವಿಚಿತ್ರ ಅನಿಸುತ್ತೆ, ತೆಗೆಯೋಣ ಅನಿಸಿತು. ಆದರೆ ತೆಗೆದರೆ ಉಳಿದ ಐದು ಹಸು ತೊಂದರೆ ಕೊಡಲಿಲ್ಲ ಅನ್ನೋ ಮಾತೇ ಹೋಗುತ್ತದೆ. ಆಗ ಅನ್ಯಾಯ ಆಗೋದು ಡೀಲರ್‌ಗೆ. ತಿರುಚೋದು ಅಂದರೆ ಯಾವಾಗಲೂ ಹೊಗಳಿಕೆಯ ಕಡೆಗೇ ಆಗಬೇಕು ಅಂತ ಇಲ್ಲ. ಎರಡನೆಯದು ಕೊನೆಯ "ಅದೂ". ಮೂಲದಲ್ಲಿ ಅದರ ಹಿಂದೆ ಕೆಂಪಿ ಇದ್ದಳು, ಈಗ ಬೆರಳು ನೋವು ಇದೆ. ಕಣ್ಣು ಮುಚ್ಚಿ ಕೇಳಿದರೆ ನೋವು ನಿಲ್ಲುತ್ತೆ ಅಂತಲೂ ಕೇಳಿಸಬಹುದು. ಹಾಗಾಗಿ ಆ ಮಾತು ಶುರುವಾಗುವ ಮೊದಲೇ ಕೆಂಪಿಯ ಮುಖ ತೆರೆಯ ಮೇಲೆ ಬರಬೇಕು. ಇದೇ ಜಾಹೀರಾತು ರೇಡಿಯೋಗೆ ಆಗಿದ್ದರೆ ಕೆಂಪಿಯ ಎರಡೂ ವಾಕ್ಯ ಒಟ್ಟಿಗೆ ಇಡಬೇಕಾಗುತ್ತಿತ್ತು.

9ರಿಂದ 18ರವರೆಗೆ ಬೇರೆ ಶಾಟ್ ಹಾಕದೆ ಬಿಟ್ಟದ್ದು ಬೇಕಂತಲೇ. ಅಂಕಿ ಇರುವ ಮಾತನ್ನು ಒಂದೇ ತುಂಡಿನಲ್ಲಿ, ಹೇಳುವವರ ತುಟಿ ಕಾಣುವ ಹಾಗೆ ಇಟ್ಟರೆ ನೋಡುವವರು ನಂಬುತ್ತಾರೆ. ನನಗೂ ಕತ್ತರಿ ಆಡಿಸುವ ಆಸೆ ಆಗೋದಿಲ್ಲ.

ಆಮೇಲೆ ಎರಡು ಪರೀಕ್ಷೆ. ಪೂರ್ತಿ ರೆಕಾರ್ಡಿಂಗ್ ಕೇಳದ ಒಬ್ಬರಿಗೆ ವಿಡಿಯೋ ತೋರಿಸಿ "ಏನು ಗೊತ್ತಾಯ್ತು?" ಅಂತ ಮಾತ್ರ ಕೇಳುತ್ತೇನೆ. ಅವರು ಹೇಳಿದ್ದರಲ್ಲಿ ಬರಹದಲ್ಲಿ ಇಲ್ಲದ ಒಂದು ವಿಷಯ ಬಂದರೂ ಎಲ್ಲೋ ಕತ್ತರಿ ತಪ್ಪಿದೆ ಅಂತ ಅರ್ಥ. ಇನ್ನೊಂದು, ಅಕ್ಕನಿಗೇ ಕಳಿಸೋದು. ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. "ನಿಮ್ಮ ಪಕ್ಕದ ಮನೆಯವರು ಇದನ್ನ ನೋಡಿ ಮೆಷಿನ್ ತಗೊಂಡು, ಆಮೇಲೆ ನಿಮ್ಮ ಹತ್ರ ಬಂದು ಜಗಳ ಆಡೋ ಹಾಗೇನಾದ್ರೂ ಇದೆಯಾ ಅಕ್ಕ?" ಅಂತ ಕೇಳಿದೆ. ಅವರು ಇನ್ನೊಂದು ಸಲ ನೋಡಿ, "ಕರೆಂಟ್ ಅಂದಿದೀನಲ್ಲ, ಬಿಡಿ, ಸರಿ ಇದೆ" ಅಂದರು.

ಕಾನೂನಿನ ಕಡೆಯಿಂದಲೂ ಡೀಲರ್‌ಗೆ ಒಂದು ಮಾತು ಹೇಳಿದ್ದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ತಂದ ಮಾರ್ಗಸೂಚಿಯ ಪ್ರಕಾರ ಇಂಥ ಅನುಭವದ ಮಾತು ಹೇಳುವವರ ನಿಜವಾದ ಅಭಿಪ್ರಾಯ ಆಗಿರಬೇಕು, ಈಗಲೂ ನಿಲ್ಲುವಂಥದ್ದಾಗಿರಬೇಕು. ಮಾತಾಡಿದ್ದಕ್ಕೆ ರಿಯಾಯಿತಿಯೋ ಬಿಟ್ಟಿ ಸರ್ವಿಸೋ ಕೊಟ್ಟಿದ್ದರೆ ಅದನ್ನು ತೋರಿಸಬೇಕು. ಷರತ್ತನ್ನು ಅಕ್ಷರದಲ್ಲಿ ಹಾಕುವುದಾದರೆ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಕನ್ನಡದ ಮಾತಿನ ಕೆಳಗೆ ಇಂಗ್ಲಿಷ್‌ನಲ್ಲಿ ಇರುವೆ ಸಾಲಿನ ಹಾಗೆ ಷರತ್ತು ಹಾಕಿ ಕೈ ತೊಳೆದುಕೊಳ್ಳೋ ಹಾಗಿಲ್ಲ.

ಕೆಲಸ ಮುಗಿದ ಮೇಲೆ ಡೀಲರ್ ವಾಟ್ಸಾಪ್ ಸ್ಟೇಟಸ್‌ಗೆ 15 ಸೆಕೆಂಡಿನದೂ ಬೇಕು ಅಂದರು, "ಮುಕ್ಕಾಲು ಗಂಟೆ ಒಂದು ಇರ್ಲಿ ಸಾಕು" ಅಂತ. ಅಂಗಡಿ ಹೆಸರಿಗೆ 5 ಸೆಕೆಂಡು ಹೋದರೆ ಉಳಿಯೋದು 10. ಮುಕ್ಕಾಲು ಗಂಟೆ, ಕರೆಂಟು, ತೊಳೆಯೋದು ಸೇರಿ 9. ಹಿಡಿಸುತ್ತೆ, ಆದರೆ ಹಿಂದೆ ಮುಂದೆ ಉಸಿರಾಡೋಕೂ ಜಾಗ ಇಲ್ಲ. ಕೆಂಪಿಯ ಎರಡು ವಾಕ್ಯ ಸೇರಿಯೂ 9. ಎರಡನ್ನೂ ಮಾಡಿ ಕಳಿಸಿದೆ. ಡೀಲರ್ ಹಾಕಿಕೊಂಡದ್ದು ಕೆಂಪಿಯದು.