ನಾಯಿಯ ಮೈಮೇಲಿನ ಗಂಟು: ಕೈಯಿಂದ ಮುಟ್ಟಿ ನಿರ್ಧರಿಸಬೇಡಿ

ಕೊಪ್ಪಳದ ನಮ್ಮ ಮನೆಯ ಒಂಬತ್ತು ವರ್ಷದ ನಾಯಿಗೆ ಎರಡು ಗಂಟುಗಳಿದ್ದವು. ಪಕ್ಕೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡದೊಂದು, ತೊಡೆಯ ಮೇಲೆ ಕಡಲೆಕಾಳಿನಷ್ಟು ಚಿಕ್ಕದೊಂದು. ಎರಡೂ ಮೆತ್ತಗಿದ್ದವು. ನಾನು ಹೆದರಿದ್ದು ದೊಡ್ಡದಕ್ಕೆ.

ಪಶುವೈದ್ಯರು ಇಂಜೆಕ್ಷನ್ನಿನ ತೆಳು ಸೂಜಿಯನ್ನು ಗಂಟಿನೊಳಗೆ ಹಾಕಿ, ಬಂದದ್ದನ್ನು ಗಾಜಿನ ಪಟ್ಟಿಯ ಮೇಲೆ ಹರಡಿದರು. ಇದಕ್ಕೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ. ದೊಡ್ಡದರಿಂದ ಬಂದದ್ದು ಎಣ್ಣೆಯಂತೆ ಹೊಳೆಯುತ್ತಿತ್ತು, ಒಣಗಲಿಲ್ಲ: ಕೊಬ್ಬಿನ ಗಂಟು. ನಡೆಯಲು ಅಡ್ಡಿಯಾಗದಿದ್ದರೆ, ವೇಗವಾಗಿ ಬೆಳೆಯದಿದ್ದರೆ ಅದನ್ನು ಹಾಗೆಯೇ ಬಿಡಬಹುದು. ಚಿಕ್ಕದರ ಮಾದರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೇರಳೆ ಕಣಗಳು ತುಂಬಿದ ಜೀವಕೋಶಗಳು ಕಂಡವು. ಅದು ಮಾಸ್ಟ್ ಕೋಶ ಎಂಬ ರೋಗನಿರೋಧಕ ಕೋಶಗಳ ಗೆಡ್ಡೆ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್.

ಇದಕ್ಕೊಂದು ಸುಳಿವಿತ್ತು, ನಾನು ಗಮನಿಸಿರಲಿಲ್ಲ. ಗಂಟು ಒಂದು ದಿನ ಊದಿ ಕೆಂಪಾಗಿ, ಮರುದಿನ ಇಳಿಯುತ್ತಿತ್ತು. ಆ ಕೋಶಗಳು ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವುದರಿಂದ ಹೀಗಾಗುತ್ತದೆ. ದಯವಿಟ್ಟು ಇಂಥದ್ದನ್ನು ಹಿಸುಕಬೇಡಿ, ದಾರ ಕಟ್ಟಬೇಡಿ.

ಇಂಥ ಗೆಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಚರ್ಮದ ಎರಡು ಸೆಂಟಿಮೀಟರಿನಷ್ಟು ಅಂಚನ್ನೂ ಸೇರಿಸಿ ತೆಗೆಯುವುದು ವಾಡಿಕೆ. ಆದ್ದರಿಂದಲೇ ಸೂಜಿ ಪರೀಕ್ಷೆ ಮೊದಲು, ಕತ್ತರಿ ನಂತರ. ತೆಗೆದ ಗಂಟನ್ನು ಬಯಾಪ್ಸಿಗೆ ಕಳುಹಿಸಲು ಕೇಳಿಕೊಳ್ಳಿ. ಗೆಡ್ಡೆಯ ದರ್ಜೆ, ಅಂದರೆ ಅದು ಎಷ್ಟು ಉಗ್ರವಾದದ್ದು, ಮತ್ತು ಅಂಚಿನಲ್ಲಿ ಅದರ ಕೋಶಗಳು ಉಳಿದಿವೆಯೇ ಎಂಬುದು ಸೂಜಿಯಿಂದ ಖಚಿತವಾಗುವುದಿಲ್ಲ. ಸೂಜಿಯಲ್ಲಿ ಬರೀ ರಕ್ತ ಬಂದರೆ ಅದು ಉತ್ತರವಲ್ಲ, ಮತ್ತೊಮ್ಮೆ ಮಾಡಿಸಬೇಕು.

ಗಂಟು ಒಂದು ಸೆಂಟಿಮೀಟರ್ ದಾಟಿದ್ದರೆ ಅಥವಾ ತಿಂಗಳಾದರೂ ಹೋಗದಿದ್ದರೆ ಕಾಯಬೇಡಿ.