ಸೋನಾಮುಖಿ ಚೂರ್ಣ ಬಿಡುವುದು ಹೇಗೆ?

ರಾತ್ರಿ ಊಟವಾದ ಮೇಲೆ ಚೂರ್ಣ, ಬೆಳಿಗ್ಗೆ ಹೊಟ್ಟೆ ಸಾಫ್. ವರ್ಷಗಟ್ಟಲೆ ಹೀಗೆ ನಡೆಸಿದವರು ಒಂದು ದಿನ ಹಟ ಹಿಡಿದು ಪೂರ್ತಿ ನಿಲ್ಲಿಸುತ್ತಾರೆ. ಎರಡು ದಿನ ಮೋಷನ್ ಆಗದಿದ್ದರೆ ಹೆದರಿ, ಮೊದಲಿಗಿಂತ ಒಂದು ಚಮಚ ಜಾಸ್ತಿ ನುಂಗುತ್ತಾರೆ. ಬಿಡಲು ಹೋದವರ ಡೋಸ್ ಏರುವುದೇ ಹೀಗೆ.

ಸೋನಾಮುಖಿಯ ಸತ್ವ ದೊಡ್ಡ ಕರುಳಿಗೆ ಬಂದು, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದ ಮೇಲಷ್ಟೇ ಕೆಲಸ ಶುರು. ಅದಕ್ಕೇ 6ರಿಂದ 12 ಗಂಟೆ ಹಿಡಿಯುತ್ತದೆ. ಅದು ಕರುಳನ್ನು ಕೆರಳಿಸಿ ಹಿಂಡುತ್ತದೆ, ನೀರನ್ನು ಒಳಗೇ ಉಳಿಸುತ್ತದೆ. ಅಳತೆ ಮೀರಿ ತಗೊಂಡು ಆಗಾಗ ಭೇದಿಯಾದರೆ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಕಾಲು ಸೆಳೆತ, ಸುಸ್ತು, ಎದೆ ಡವಡವ ಶುರುವಾದರೆ ಅದನ್ನು ಅನುಮಾನಿಸಬೇಕು. ಬಿಪಿಗೆ ನೀರಿಳಿಸುವ ಮಾತ್ರೆ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರಿಗೆ ಇದೇ ದೊಡ್ಡ ಅಪಾಯ. ಕೊಲೊನೊಸ್ಕೋಪಿ ಮಾಡಿಸಿದಾಗ ಕರುಳಿನ ಗೋಡೆ ಕಪ್ಪಾಗಿದೆ ಎಂದರೆ ಗಾಬರಿ ಬೇಡ. ಆ ಬಣ್ಣದಿಂದ ತೊಂದರೆಯಿಲ್ಲ, ಬಿಟ್ಟ ಮೇಲೆ ನಿಧಾನವಾಗಿ ಹೋಗುತ್ತದೆ. ‘ಕರುಳಿನ ನರವೇ ಸತ್ತುಹೋಗುತ್ತದೆ’ ಎಂಬ ಹಳೆಯ ಮಾತಿಗೆ, ಸರಿಯಾದ ಡೋಸ್ ತಗೊಂಡವರ ವಿಷಯದಲ್ಲಿ, ಗಟ್ಟಿ ಪುರಾವೆ ಇಲ್ಲ.

ಮೊದಲ ಕೆಲಸ, ಡಾಕ್ಟರ ಬಳಿ ಹೋಗಿ ಪೊಟ್ಯಾಸಿಯಂ ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯಂಥವೂ ಮಲ ಗಟ್ಟಿ ಮಾಡುತ್ತವೆ, ನಿಮ್ಮ ಮಾತ್ರೆಗಳನ್ನೆಲ್ಲ ತೋರಿಸಿ. ನೋವಿಗೆ ಮಾರ್ಫಿನ್, ಟ್ರಮಡಾಲ್ ತಗೊಳ್ಳುತ್ತಿರುವವರು ಸೋನಾಮುಖಿಯನ್ನು ತಾವಾಗಿಯೇ ಬಿಡಬಾರದು.

ಎರಡನೆಯದು, ಅಳತೆ. ‘ಒಂದು ಚಮಚ’ ಎನ್ನುವವರ ಡಬ್ಬಿಯಲ್ಲಿ ಗೋಪುರದ ಹಾಗೆ ತುಂಬಿದ ಊಟದ ಚಮಚ ಇರುವುದನ್ನು ನೋಡಿದ್ದೇನೆ. ಟೀ ಚಮಚಕ್ಕೆ ಬದಲಿಸಿ, ಮೇಲ್ಭಾಗವನ್ನು ಚಾಕುವಿನ ಬೆನ್ನಿನಿಂದ ಸವರಿ. ಈಗ ತಗೊಳ್ಳುತ್ತಿರುವುದು ಅಂಥ ಎಷ್ಟು ಚಮಚ ಅಂತ ಬರೆದಿಡಿ. ಮಾತ್ರೆಯಾದರೆ ಎಣಿಸಿದರೆ ಸಾಕು.

ಮೂರನೆಯದು, ಚೂರ್ಣ ಕಡಿಮೆ ಮಾಡುವ ಮೊದಲೇ ಬದಲಿ ಶುರುವಾಗಬೇಕು. ಹೆಚ್ಚಿನವರು ಇಸಬ್‌ಗೋಲ್‌ಗೆ ಓಡುತ್ತಾರೆ. ನನ್ನನ್ನು ಕೇಳಿದರೆ, ವರ್ಷಗಳ ಅಭ್ಯಾಸವಿದ್ದವರಿಗೆ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯೇ ಮೇಲು. ದಿನಕ್ಕೆ 17 ಗ್ರಾಂ, ಒಂದು ದೊಡ್ಡ ಲೋಟ ನೀರಿನಲ್ಲಿ. ಅದು ಕರುಳನ್ನು ಕೆರಳಿಸುವುದಿಲ್ಲ, ಮಲದಲ್ಲಿ ನೀರು ಉಳಿಸುತ್ತದೆ ಅಷ್ಟೇ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಇಸಬ್‌ಗೋಲ್ ಸಾಕಷ್ಟು ನೀರಿಲ್ಲದೆ ತಿಂದರೆ ಒಳಗೇ ಗಟ್ಟಿಯಾಗಿ ಕೂರುತ್ತದೆ, ಮಲಗುವ ಹೊತ್ತಿಗಂತೂ ಬೇಡವೇ ಬೇಡ. ಎರಡು ವಾರ ಗ್ಲೈಕಾಲ್ ಪುಡಿ ಮತ್ತು ಸೋನಾಮುಖಿ ಚೂರ್ಣ ಎರಡೂ ನಡೆಯಲಿ. ಮಲ ತೀರಾ ನೀರಾದರೆ ಚೂರ್ಣ ಇಳಿಸುವ ಹೊತ್ತು ಬಂತು ಅಂತ ಅರ್ಥ.

ಇನ್ನು ಎಡವುವ ಜಾಗ. ಎರಡು ಟೀ ಚಮಚ ತಗೊಳ್ಳುವ ಅತ್ತೆಯೊಬ್ಬರಿದ್ದಾರೆ ಅಂದುಕೊಳ್ಳಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ಒಂದೂವರೆ, ಒಂದು, ಅರ್ಧ. ಆಮೇಲೆ ಆ ಅರ್ಧ ಚಮಚ ದಿನ ಬಿಟ್ಟು ದಿನ, ಮುಂದಿನ ವಾರ ಎರಡು ದಿನ ಬಿಟ್ಟು, ಆಮೇಲೆ ನಿಲ್ಲಿಸುವುದು. ಯಾವ ವಾರ ಕಷ್ಟವಾಯಿತೋ ಆ ಅಳತೆಯಲ್ಲೇ ಇನ್ನೊಂದು ವಾರ ನಿಲ್ಲಿ, ಹಿಂದಕ್ಕೆ ಹೋಗಬೇಡಿ. ದಿನ ಬಿಟ್ಟು ದಿನಕ್ಕೆ ಬಂದಾಗ ಅತ್ತೆಗೆ ಬುಧವಾರ ಜೋರಾಗಿ ಹೊಟ್ಟೆ ಖಾಲಿಯಾಯಿತು. ಗುರುವಾರ ಏನೂ ಇಲ್ಲ, ಶುಕ್ರವಾರವೂ ಇಲ್ಲ. ಇದು ಮಲಬದ್ಧತೆ ಅಲ್ಲ. ಬಸ್ ಈಗಷ್ಟೇ ಹೋದ ಸ್ಟಾಪಿನಲ್ಲಿ ಜನ ಸೇರಲು ಹೊತ್ತು ಬೇಕಲ್ವಾ? ಪೂರ್ತಿ ಖಾಲಿಯಾದ ಕರುಳು ತುಂಬಲು ಎರಡು ಮೂರು ದಿನ ಹಿಡಿಯುತ್ತದೆ. ಹೊಟ್ಟೆ ಮೆತ್ತಗಿದ್ದು, ಗಾಳಿ ಹೋಗುತ್ತಿದ್ದು, ಊಟ ಸೇರುತ್ತಿದ್ದರೆ ಸುಮ್ನೆ ಕಾಯಿರಿ. ಮೂರು ದಿನ ಪೂರ್ತಿ ಕಳೆದೂ ಆಗದಿದ್ದರೆ, ಅಥವಾ ಒತ್ತಡ ಬಂದೂ ಹೊರಬರದಿದ್ದರೆ, ಗುದದ್ವಾರದೊಳಗೆ ಒಂದು ಗ್ಲಿಸರಿನ್ ಸಪೋಸಿಟರಿ ಇಡಬಹುದು. ಲೆಕ್ಕ ಮೀರಿ ಚೂರ್ಣಕ್ಕೆ ಕೈ ಹಾಕಬೇಡಿ.

ಈ ವಾರಗಳಲ್ಲಿ ತಿಂಡಿಯಾದ ಅರ್ಧ ಗಂಟೆಯೊಳಗೆ ಒಮ್ಮೆ ಹೋಗಿ ಕೂರಿ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಕಮೋಡ್ ಆದರೆ ಕಾಲಡಿ ಗಿಡ್ಡ ಮಣೆ ಇಡಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ, ತಿಣುಕಬೇಡಿ.

ಅಂಗಡಿಯವರು ‘ಇದು ಪೂರ್ತಿ ಗಿಡಮೂಲಿಕೆ’ ಅಂತ ಬೇರೆ ಡಬ್ಬಿ ಕೊಟ್ಟರೆ ಹಿಂದಿನ ಪಟ್ಟಿ ಓದಿ. ಸೋನಾಮುಖಿಯೂ ಗಿಡಮೂಲಿಕೆಯೇ. ತೂಕ ಇಳಿಸುವ ಟೀಗಳಲ್ಲೂ ಅದೇ ಇರುವುದುಂಟು. ಬಿಸಾಕೊಡಿಲ್ ಮಾತ್ರೆಗೆ ಬದಲಾಯಿಸುವುದು ಬಿಟ್ಟಂತಲ್ಲ, ಅದೂ ಕರುಳನ್ನು ಕೆರಳಿಸುವ ಗುಂಪಿನದೇ.

ಹೊಟ್ಟೆ ಕಲ್ಲಿನಂತಾಗಿ ವಾಂತಿ ಬಂದರೆ, ಗಾಳಿಯೂ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಅಥವಾ 50 ದಾಟಿದ ಮೇಲೆ ಹೊಸದಾಗಿ ಮಲಬದ್ಧತೆ ಶುರುವಾಗಿದ್ದರೆ ಚಮಚದ ಲೆಕ್ಕ ಬದಿಗಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.