ಮರುಪಾವತಿಯ ಮೂಲ: ಷೇರು ಮಾರಾಟ

ಷೇರು ಅಡವಿಟ್ಟುಕೊಂಡು ಸಾಲ ಕೊಡುವ ವಿಭಾಗದಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. 1999ರಲ್ಲಿ ಇಂಟರ್ನೆಟ್ ಕಂಪನಿಗಳ ಷೇರು ಹುಚ್ಚೆದ್ದು ಏರುತ್ತಿದ್ದಾಗಲೂ, ಮರುವರ್ಷ ಅವು ಕುಸಿದಾಗಲೂ ಕೂತಿದ್ದು ಅದೇ ಮೇಜಿನ ಮುಂದೆ. ಆಗ ಗುಳ್ಳೆಯ ಬಗ್ಗೆ ಮಾತಾಡುತ್ತಿದ್ದವರೆಲ್ಲ ಬೆಲೆಯ ನಕ್ಷೆ ಹಿಡಿದು ವಾದ ಮಾಡುತ್ತಿದ್ದರು. ನನಗೆ ಅದು ಕಂಡದ್ದು ಸಾಲದ ಅರ್ಜಿಯ ಒಂದು ಅಂಕಣದಲ್ಲಿ.

ಅರ್ಜಿಯ ಕೆಳಭಾಗದಲ್ಲಿ ‘ಮರುಪಾವತಿಯ ಮೂಲ’ ಎಂಬ ಸಾಲು ಇರುತ್ತಿತ್ತು. ಮೊದಲೆಲ್ಲ ಅಲ್ಲಿ ‘ಸಂಬಳ’, ‘ವ್ಯಾಪಾರದ ಆದಾಯ’, ‘ಬಾಡಿಗೆ’ ಎಂದು ಬರೆದಿರುತ್ತಿದ್ದರು. 1999ರ ಮಧ್ಯದ ಹೊತ್ತಿಗೆ ಇನ್ನೊಂದು ಉತ್ತರ ಹೆಚ್ಚಾಗತೊಡಗಿತು: ‘ಷೇರು ಮಾರಾಟದಿಂದ’. ಅಂದರೆ ಷೇರು ಕೊಳ್ಳಲು ಸಾಲ, ಆ ಸಾಲ ತೀರಿಸಲು ಅದೇ ಷೇರು. ಬೆಲೆ ಏರಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಏರದೆ ಸುಮ್ಮನೆ ನಿಂತರೂ ಸಾಕು, ಬಡ್ಡಿ ಕಟ್ಟಲು ಕೈಯಲ್ಲಿ ಏನೂ ಇರುವುದಿಲ್ಲ. ಹೈಮನ್ ಮಿನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಸಾಲಗಾರರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಆದಾಯದಿಂದ ಅಸಲು–ಬಡ್ಡಿ ಎರಡನ್ನೂ ಕಟ್ಟುವವರು, ಬಡ್ಡಿ ಮಾತ್ರ ಕಟ್ಟಿ ಅಸಲನ್ನು ಮುಂದೂಡುವವರು, ಎರಡಕ್ಕೂ ಬೆಲೆಯೇರಿಕೆಯನ್ನೇ ನಂಬಿದವರು. ನಮ್ಮ ಫೈಲುಗಳು ಮೊದಲ ಬಗೆಯಿಂದ ಮೂರನೆಯದಕ್ಕೆ ಜಾರುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಹೆಸರು ಹೇಳಿಕೊಟ್ಟ ಮಿನ್ಸ್ಕಿಯನ್ನು ಓದಿದ್ದು ಆಮೇಲೆ.

ಒಬ್ಬ ಗಿರಾಕಿಯ ಲೆಕ್ಕ ಹೇಳುತ್ತೇನೆ. ಸಂಖ್ಯೆಗಳನ್ನು ಸುಲಭಕ್ಕೆ ದುಂಡು ಮಾಡಿದ್ದೇನೆ. ಅವರ ಬಳಿ ತಲಾ 100 ಬೆಲೆಯ 1000 ಷೇರು ಇದ್ದವು, ಸಾಲ ಇರಲಿಲ್ಲ. ಸ್ವಂತ ಆಸ್ತಿ 1,00,000. ಅಡವಿನ ಬೆಲೆಯ ಅರ್ಧದವರೆಗೆ ಸಾಲ ಕೊಡುವುದು ನಮ್ಮ ನಿಯಮ. ಅವರು ಸಾಲ ತೆಗೆದರು, ಅದರಿಂದ ಷೇರು ಕೊಂಡರು, ಕೊಂಡದ್ದನ್ನೂ ಅಡವಿಟ್ಟರು. ಹೀಗೆ ಮಾಡುತ್ತ ಹೋದರೆ 2000 ಷೇರು, 1,00,000 ಸಾಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಬೆಲೆ 150ಕ್ಕೆ ಏರಿತು. ಈಗ ಷೇರುಗಳ ಮೌಲ್ಯ 3,00,000. ಸಾಲ ಅದರ ಮೂರನೇ ಒಂದು ಭಾಗ ಮಾತ್ರ, ಅರ್ಧದವರೆಗೆ ಹೋಗಲು ಅವಕಾಶ ಉಂಟು. ಆದ್ದರಿಂದ ಇನ್ನೂ 1,00,000 ಸಾಲ ಸಿಕ್ಕಿತು. ಅದರಲ್ಲಿ 667 ಷೇರು ಬಂದವು. ಒಟ್ಟು 2667 ಷೇರು, ಮೌಲ್ಯ 4,00,000, ಸಾಲ 2,00,000. ಸ್ವಂತ ಆಸ್ತಿ ಎರಡು ಪಟ್ಟಾಯಿತಲ್ಲ ಎಂದು ಅವರು ಖುಷಿಯಾಗಿದ್ದರು. ನಮಗೂ ಖುಷಿಯೇ, ಬಡ್ಡಿ ಬರುವ ಮೊತ್ತ ದೊಡ್ಡದಾಗಿತ್ತು.

ಈ ಹೊಸ ಸಾಲ ಎಲ್ಲಿಂದ ಬಂತು ಎಂಬುದನ್ನು ಗಮನಿಸಬೇಕು. ಗಿರಾಕಿಯ ಗಳಿಕೆ ಒಂದು ಪೈಸೆಯೂ ಹೆಚ್ಚಿರಲಿಲ್ಲ. ಬೆಲೆ ಏರಿದ್ದಕ್ಕೆ ಸಾಲದ ಅರ್ಹತೆ ಏರಿತು, ಆ ಸಾಲವೇ ಮಾರುಕಟ್ಟೆಗೆ ಹೋಗಿ ಬೆಲೆಯನ್ನು ಇನ್ನಷ್ಟು ಎತ್ತಿತು. ಒಬ್ಬರಾದರೆ ಏನೂ ಆಗದು. ಸಾವಿರಾರು ಜನ ಒಟ್ಟಿಗೆ ಹೀಗೆ ಮಾಡಿದಾಗ ಬೆಲೆಗೆ ತನ್ನದೇ ಕಾಲು ಬರುತ್ತದೆ.

ಒಮ್ಮೆ ಅಳುಕುತ್ತಲೇ ಮೇಲಧಿಕಾರಿಗೆ ಹೇಳಿದೆ: “ಸರ್, ಇವರಲ್ಲಿ ಅರ್ಧಕ್ಕರ್ಧ ಜನರಿಗೆ ಕಟ್ಟುವ ದಾರಿಯೇ ಇಲ್ಲ.” ಅವರು ನಕ್ಕು, “ಅಡವು ಇದೆಯಲ್ಲಪ್ಪ, ಬಿದ್ದರೆ ಮಾರ್ತೀವಿ” ಎಂದರು. ಅಗ್ಗದ ಸಾಲದ ಗುಟ್ಟು ಈ ಮಾತಿನಲ್ಲಿದೆ. ಬಡ್ಡಿ ದರ ಕಡಿಮೆ ಇರುವುದಷ್ಟೇ ಅಗ್ಗದ ಸಾಲವಲ್ಲ. ಸಾಲಗಾರ ಯಾರು, ಹೇಗೆ ಕಟ್ಟುತ್ತಾನೆ ಎಂದು ಕೇಳುವುದನ್ನು ಕೊಡುವವನೇ ಬಿಟ್ಟುಬಿಟ್ಟಾಗ ಸಾಲ ನಿಜವಾಗಿ ಅಗ್ಗವಾಗುತ್ತದೆ. ಅಡವು ಬೇಕೆಂದಾಗ ಮಾರಾಟವಾಗುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಇಡೀ ಅಂಗಡಿ ನಿಂತಿತ್ತು. ಪಕ್ಕದ ಅಂಗಡಿಯವರ ನಂಬಿಕೆಯೂ ಅದೇ. ಎಲ್ಲರೂ ಒಂದೇ ದಿನ ಮಾರಲು ಹೊರಟರೆ ಕೊಳ್ಳುವವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಗಟ್ಟಿಯಾಗಿ ಕೇಳಲಿಲ್ಲ.

ಕಥೆಯ ಕೆಲಸ ಇಲ್ಲಿ ಶುರುವಾಗುತ್ತದೆ. ಇಂಟರ್ನೆಟ್ ಜಗತ್ತನ್ನು ಬದಲಿಸುತ್ತದೆ ಎಂಬ ಕಥೆ ಸುಳ್ಳೇನಲ್ಲ, ಬದಲಿಸಿಯೇ ಬಿಟ್ಟಿತು. ಅದಕ್ಕೇ ಅದು ಅಪಾಯಕಾರಿ. ಪೂರ್ತಿ ಸುಳ್ಳಾದ ಕಥೆಯನ್ನು ಬೇಗ ಹಿಡಿಯಬಹುದು. ಅರ್ಧ ನಿಜವಾದ ಕಥೆ ಅಳತೆಗೋಲನ್ನೇ ಬದಲಿಸುತ್ತದೆ. ಲಾಭವಿಲ್ಲದ ಕಂಪನಿಗೆ ಲಾಭದ ಲೆಕ್ಕದಲ್ಲಿ ಬೆಲೆ ಕಟ್ಟಲಾಗದು, ಹಾಗಾಗಿ ಮಾರಾಟದ ಮೊತ್ತ ನೋಡಿದರು. ಅದೂ ಸಾಕಾಗದಿದ್ದಾಗ ವೆಬ್‌ಸೈಟಿಗೆ ಭೇಟಿ ಕೊಟ್ಟವರ ತಲೆ ಎಣಿಸಿದರು. ತಲೆ ಎಣಿಸಿ ಷೇರಿನ ಬೆಲೆ ಹೇಳುವ ವರದಿಗಳನ್ನು ನಾನು ಫೈಲಿಗೆ ಲಗತ್ತಿಸಿದ್ದೇನೆ, ಸಹಿ ಹಾಕಿ.

ಇದೆಲ್ಲ ಹೊಸದು ಎಂದುಕೊಂಡಿದ್ದೆ. ಆಮೇಲೆ 1720ರ ಲಂಡನ್ನಿನ ಸೌತ್ ಸೀ ಕಂಪನಿಯ ಇತಿಹಾಸ ಓದಿದಾಗ ನಮ್ಮ ವಿಭಾಗದ ಸುತ್ತೋಲೆ ಓದಿದ ಹಾಗಾಯಿತು. ಸರ್ಕಾರದ ಸಾಲಪತ್ರಗಳನ್ನು ತನ್ನ ಷೇರಾಗಿ ಪರಿವರ್ತಿಸುವುದು ಆ ಕಂಪನಿಯ ಯೋಜನೆ. ದಕ್ಷಿಣ ಅಮೆರಿಕದ ವ್ಯಾಪಾರದ ಸಂಪತ್ತು ಅದರ ಕಥೆ. ಷೇರು ಜನವರಿಯಲ್ಲಿ ಸುಮಾರು 128 ಪೌಂಡ್ ಇತ್ತು, ಬೇಸಿಗೆಯಲ್ಲಿ 1000ದ ಆಸುಪಾಸಿಗೆ ಹೋಯಿತು. ಕಂಪನಿ ಹೊಸ ಷೇರನ್ನು ಕಂತಿನ ಮೇಲೆ ಮಾರಿತು. ಏಪ್ರಿಲ್‌ನ ಮೊದಲ ಮಾರಾಟದಲ್ಲಿ 300 ಪೌಂಡಿನ ಷೇರಿಗೆ ಕೂಡಲೇ ಕಟ್ಟಬೇಕಾದದ್ದು 60, ಅಂದರೆ ಐದರಲ್ಲಿ ಒಂದು ಪಾಲು. ಜೂನ್‌ನಲ್ಲಿ 1000 ಪೌಂಡಿನ ಷೇರಿಗೆ 100, ಹತ್ತರಲ್ಲಿ ಒಂದು ಪಾಲು. ಉಳಿದದ್ದು ಹಲವು ವರ್ಷಗಳ ಕಂತು. ಅದರ ಜೊತೆಗೆ ತನ್ನದೇ ಷೇರಿನ ಅಡವಿನ ಮೇಲೆ ಕಂಪನಿಯೇ ಸಾಲವನ್ನೂ ಕೊಟ್ಟಿತು. ಬೆಲೆ ಏರಿದಷ್ಟೂ ಷರತ್ತು ಸಡಿಲವಾಗುತ್ತ ಹೋಯಿತು. ಆದರೆ ಕಂತಿಗೆ ಗಡುವು ಇರುತ್ತದೆ. ಗಡುವು ಬಂದಾಗ ಜನ ಇದ್ದ ಷೇರು ಮಾರಿ ಹೊಸ ಷೇರಿನ ಕಂತು ಹೊಂದಿಸಬೇಕಾಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬೆಲೆ 200ರ ಸುತ್ತ ಬಂದಿತ್ತು. ಕಂಪನಿಗೆ ಬ್ಯಾಂಕರ್ ಆಗಿದ್ದ ಸ್ವೋರ್ಡ್ ಬ್ಲೇಡ್ ಸಂಸ್ಥೆ ಅದೇ ತಿಂಗಳು ಹಣ ಪಾವತಿ ನಿಲ್ಲಿಸಿತು.

ಮತ್ತೆ ನನ್ನ ಮೇಜಿಗೆ. ಪ್ರತಿ ಶನಿವಾರ ಆ ವಾರದ ಹೊಸ ಫೈಲುಗಳಲ್ಲಿ ‘ಷೇರು ಮಾರಾಟದಿಂದ’ ಎಂದಿರುವವು ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಡುತ್ತಿದ್ದೆ. ಪಕ್ಕದಲ್ಲೇ, ಹೊಸ ಹಣ ತರದೆ ಅದೇ ಅಡವಿನ ಮೇಲೆ ಹೆಚ್ಚುವರಿ ಸಾಲ ಕೇಳಿದ ಹಳೇ ಗಿರಾಕಿಗಳಿಗೆ ಇನ್ನೊಂದು ಸಾಲು ಗೀಟು. ಎರಡೂ ಸಾಲು ಉದ್ದವಾಗುತ್ತಿದ್ದದ್ದನ್ನು ನೋಡಿ ನವೆಂಬರ್ ಆರಂಭದಲ್ಲಿ ನನ್ನ ಸ್ವಂತ ಷೇರು ಮಾರಿಬಿಟ್ಟೆ. ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನ್ಯಾಸ್‌ಡ್ಯಾಕ್ ಷೇರು ಸೂಚ್ಯಂಕ ಆಗ 3000 ಚಿಲ್ಲರೆ. ಆಮೇಲೆ ನಾಲ್ಕು ತಿಂಗಳು ಅದು ನನ್ನನ್ನು ಅಣಕಿಸುತ್ತಲೇ ಏರಿತು. 2000ದ ಮಾರ್ಚ್ 10ರಂದು 5048 ಮುಟ್ಟಿತು. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು “ಏನು ಮಾರಾಯರೇ, ನೋಟ್‌ಬುಕ್ ಏನು ಹೇಳುತ್ತೆ?” ಎಂದು ಕಿಚಾಯಿಸುತ್ತಿದ್ದರು. ಫೆಬ್ರವರಿಯಲ್ಲಿ ತಡೆಯಲಾಗದೆ ಮಾರಿದ್ದರಲ್ಲಿ ಅರ್ಧದಷ್ಟು ಮತ್ತೆ ಕೊಂಡೆ. 1720ರಲ್ಲಿ ನ್ಯೂಟನ್‌ ಕೂಡ ಮೊದಲು ಲಾಭಕ್ಕೆ ಮಾರಿ, ತುತ್ತತುದಿಯ ಹತ್ತಿರ ಮತ್ತೆ ಕೊಂಡು ಕಳೆದುಕೊಂಡಿದ್ದ ಎಂದು ಓದಿದಾಗ ಸ್ವಲ್ಪ ಸಮಾಧಾನವಾಯಿತು. ಸಾಲ ಮಾಡಿ ಕೊಂಡಿರಲಿಲ್ಲ, ನಾನು ಬಚಾವಾದದ್ದು ಅಷ್ಟರಿಂದಲೇ.

ನನ್ನ ಗೀಟುಗಳ ಮಿತಿ ಅಲ್ಲೇ ಗೊತ್ತಾಯಿತು. ಗೋಡೆ ಎಷ್ಟು ಟೊಳ್ಳಾಗಿದೆ ಎಂದು ಅವು ಹೇಳುತ್ತವೆ, ಯಾವ ದಿನ ಬೀಳುತ್ತದೆ ಎಂದು ಹೇಳುವುದಿಲ್ಲ.

ಬಿದ್ದದ್ದಕ್ಕೆ ಒಂದೇ ಕಾರಣ ಹುಡುಕುವವರು ಈಗಲೂ ಇದ್ದಾರೆ. ಅಮೆರಿಕದ ಫೆಡರಲ್ ರಿಸರ್ವ್ 1999ರ ಜೂನ್‌ನಿಂದಲೇ ಬಡ್ಡಿ ಏರಿಸುತ್ತಿತ್ತು, 2000ದ ಮೇ ತಿಂಗಳಿಗೆ ದರ 6.5 ಶೇಕಡ ಆಗಿತ್ತು. ಅದರ ಪಾಲೂ ಇದೆ. ನಾನು ನೋಡಿದಂತೆ ಮಾತ್ರ ಮೊದಲು ನಿಂತದ್ದು ಹೊಸ ಸಾಲದ ಬೆಳವಣಿಗೆ. ಸಾಲ ತಗೊಳ್ಳಬಲ್ಲವರೆಲ್ಲ ತಗೊಂಡಾಗಿತ್ತು. ಏರುತ್ತಲೇ ಇರಬೇಕಾದ ಬೆಲೆಗೆ ಪ್ರತಿ ವಾರ ಹಿಂದಿನ ವಾರಕ್ಕಿಂತ ಹೆಚ್ಚು ಸಾಲ ಬೇಕು. ಅಷ್ಟೇ ಸಾಲ ಬಂದರೂ ಏರಿಕೆ ನಿಧಾನವಾಗುತ್ತದೆ, ನಿಧಾನವಾದರೆ ಬಡ್ಡಿಗೆಂದು ಒಂದಿಷ್ಟು ಜನ ಮಾರುತ್ತಾರೆ.

ಆಮೇಲಿನದು ಬರೀ ಲೆಕ್ಕ. ಸಾಲ ಅಡವಿನ ಮೌಲ್ಯದ 60 ಶೇಕಡ ಮುಟ್ಟಿದರೆ ಗಿರಾಕಿಗೆ ಫೋನ್ ಮಾಡಿ, ಹಣ ತನ್ನಿ ಇಲ್ಲವೇ ಷೇರು ಮಾರುತ್ತೇವೆ ಎನ್ನಬೇಕು. ಇದೇ ಮಾರ್ಜಿನ್ ಕಾಲ್. ನಮ್ಮ ಗಿರಾಕಿಯ 2667 ಷೇರಿಗೆ ಆ ಗೆರೆ ಬೆಲೆ 125 ಆದಾಗ ಬಂತು, ಅಂದರೆ 150ರಿಂದ ಆರರಲ್ಲಿ ಒಂದು ಪಾಲು ಇಳಿದಾಗ. ಸಾಲವನ್ನು ಮತ್ತೆ ಅರ್ಧಕ್ಕೆ ತರಲು ಸುಮಾರು 533 ಷೇರು ಮಾರಬೇಕು, ಕೈಯಲ್ಲಿರುವುದರ ಐದರಲ್ಲಿ ಒಂದು ಪಾಲು. ಏರುವಾಗ ಕೊಳ್ಳಲು ಯಾರ ಒತ್ತಾಯವೂ ಇರಲಿಲ್ಲ. ಇಳಿಯುವಾಗ ಮಾರುವುದು ಒಪ್ಪಂದದ ಷರತ್ತು. ಒಬ್ಬರ ಅಡವು ಮಾರಿದರೆ ಬೆಲೆ ಇಳಿಯುತ್ತದೆ, ಆ ಇಳಿಕೆಗೆ ಮುಂದಿನವರ ಗೆರೆ ತಾಗುತ್ತದೆ. ಅದಕ್ಕೇ ಏರಲು ವರ್ಷ ಬೇಕಾದದ್ದು ಇಳಿಯುವಾಗ ವಾರಗಳಲ್ಲಿ ಇಳಿಯುತ್ತದೆ.

ಅವರಿಗೆ ಫೋನ್ ಮಾಡಿದವನು ನಾನೇ. “ಸರ್, ಇನ್ನೆರಡು ದಿನ ಕೊಡಿ, ಮತ್ತೆ ಏರುತ್ತೆ” ಎಂದರು. ಹಳೇ ಗಿರಾಕಿ, ಒಳ್ಳೆಯವರು. ಮೇಲಧಿಕಾರಿಯ ಒಪ್ಪಿಗೆ ಪಡೆದು ಎರಡು ದಿನ ಕೊಟ್ಟೆ. ಅದು ನಾನು ಮಾಡಿದ ತಪ್ಪು. ಎರಡು ದಿನ ಕಳೆದು ಮಾರಲು ಹೋದರೆ ಪರದೆಯ ಮೇಲೆ ಕೊಳ್ಳುವವರ ಅಂಕಣವೇ ಖಾಲಿ. ಮಾರುವವರ ಸಾಲು ಮಾತ್ರ ಉದ್ದಕ್ಕೆ ಇಳಿದಿತ್ತು. ಬಿದ್ದರೆ ಮಾರ್ತೀವಿ ಎಂದ ಮೇಲಧಿಕಾರಿ ನನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದರು. ಚೂರುಚೂರಾಗಿ ಮಾರಿ ಮುಗಿಸುವಷ್ಟರಲ್ಲಿ ಸರಾಸರಿ 60 ಸಿಕ್ಕಿತು. ಒಟ್ಟು 1,60,000. ಸಾಲ 2,00,000.

ಸಾಲವನ್ನೇ ಮಾಡದಿದ್ದರೆ ಅವರ ಬಳಿ ಮೊದಲಿನ 1000 ಷೇರು ಇರುತ್ತಿದ್ದವು, 60ರ ಲೆಕ್ಕದಲ್ಲಿ 60,000. ಈಗ ಷೇರೂ ಇಲ್ಲ, ಮೇಲೆ 40,000 ಬಾಕಿ. ಅದನ್ನು ಕಂತು ಮಾಡಿಕೊಡಿ ಎಂದು ಅವರೇ ಬಂದು ಕೇಳಿದರು. ಹೊಸ ಅರ್ಜಿ ಬೇಡ, ಹಳೆಯದನ್ನೇ ತಿದ್ದೋಣ ಎಂದೆ. ಅವರ ಎದುರಿಗೇ ‘ಷೇರು ಮಾರಾಟದಿಂದ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಸಂಬಳ’ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.